ಅಳಿಸಿದ ಫೋಟೋ ಕಾರ್ಡಿನಿಂದ ಬಂತು, ಫೋನಿನಿಂದ ಬರಲಿಲ್ಲ: ಎನ್‌ಕ್ರಿಪ್ಟ್ ಆದ ಫ್ಲ್ಯಾಶ್ ಮೆಮೊರಿಯ ದೋಷ ಪರೀಕ್ಷೆ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆ ಮುಗಿದ ಮರುವಾರ ನಮ್ಮ ರಿಪೇರಿ ಅಂಗಡಿಗೆ ಬರುವ ದೂರುಗಳಲ್ಲಿ ಒಂದು ಮಾತ್ರ ಪ್ರತಿ ಸಲವೂ ಇರುತ್ತದೆ: ಫೋನಿನ ಮೆಮೊರಿ ತುಂಬಿತೆಂದು ಏನನ್ನೋ ಅಳಿಸಲು ಹೋಗಿ ಜಾತ್ರೆಯ ಫೋಟೋಗಳನ್ನೇ ಅಳಿಸಿದ್ದೇವೆ, ತೆಗೆದುಕೊಡಿ. ಈ ಟಿಪ್ಪಣಿಯನ್ನು ಅಂಥದೇ ಒಂದು ಫೋನನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಆ ಒಂದೇ ಫೋನಿನಲ್ಲಿ, ಒಂದೇ ಮಧ್ಯಾಹ್ನ ಅಳಿಸಿದ ಫೋಟೋಗಳಲ್ಲಿ ಒಂದು ಪಾಲು ಬಹುತೇಕ ಪೂರ್ತಿಯಾಗಿ ಮರಳಿತು, ಇನ್ನೊಂದು ಪಾಲಿನಲ್ಲಿ ರಿಕವರಿ ಸಾಫ್ಟ್‌ವೇರಿಗೆ ಒಂದೂ ಸಿಗಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ದೋಷ ಪರೀಕ್ಷೆಯ ಕ್ರಮ ತಾನಾಗಿ ತಿಳಿಯುತ್ತದೆ.

ಫೋನು ಕುಮಟಾ ಕಡೆಯ ಪ್ರಾಥಮಿಕ ಶಾಲೆಯೊಂದರ ಅಕ್ಕೋರದ್ದು. 128 ಜಿಬಿ ಒಳ ಮೆಮೊರಿಯ ಆ್ಯಂಡ್ರಾಯ್ಡ್ ಫೋನು, ಅದರಲ್ಲಿ 64 ಜಿಬಿಯ ಮೆಮೊರಿ ಕಾರ್ಡು. ಜಾತ್ರೆಯ ಮೊದಲ ದಿನಗಳ 412 ಫೋಟೋಗಳನ್ನು ಅವರು ಕಾರ್ಡಿಗೆ ಸರಿಸಿದ್ದರು. ಉಳಿದ 186 ಫೋಟೋ ಮತ್ತು 9 ವಿಡಿಯೋ ಫೋನಿನೊಳಗೇ ಇದ್ದವು. 2024ರ ಮಾರ್ಚ್ 31ರ ಭಾನುವಾರ ಎಲ್ಲವನ್ನೂ ಆರಿಸಿ ಅಳಿಸಿದ್ದಾರೆ, ಜಾಗ ಇನ್ನೂ ಖಾಲಿಯಾಗಲಿಲ್ಲವೆಂದು ಗ್ಯಾಲರಿಯ ಕಸದ ಬುಟ್ಟಿಯನ್ನೂ ಬರಿದು ಮಾಡಿದ್ದಾರೆ. ಬುಧವಾರ ದೇವಿಮನೆ ಘಟ್ಟ ಹತ್ತಿ ಅಂಗಡಿಗೆ ಬಂದವರು, "ತಮಾ, ಡಿಲೀಟ್ ಮಾಡಿದ್ದು ಒಳಗೇ ಇರ್ತದಂತಲ್ಲ, ಅದೊಂದು ತೆಗೆದುಕೊಡು ಮಾರಾಯ" ಎಂದರು. ಈ ಮಾತು ಹದಿನೈದು ವರ್ಷದ ಹಿಂದೆ ಪೂರ್ತಿ ನಿಜವಾಗಿತ್ತು. ಈಗ ಅದು ಅವರ ಕಾರ್ಡಿನ ಮಟ್ಟಿಗೆ ನಿಜ, ಫೋನಿನ ಮಟ್ಟಿಗೆ ನಿಜವಲ್ಲ.

ಮೊದಲ ಪ್ರಶ್ನೆ: ಫೈಲು ಇದ್ದದ್ದು ಎಲ್ಲಿ?

ಗಿರಾಕಿಗೆ "ಫೋನಿನಲ್ಲಿತ್ತು" ಎಂದಷ್ಟೇ ಗೊತ್ತಿರುತ್ತದೆ. ಆದರೆ ಫೈಲಿನ ವಿಳಾಸ ಎರಡು ಬಗೆಯದ್ದಾಗಿರಬಹುದು. ಒಳ ಮೆಮೊರಿಯ ಫೋಟೋ `/storage/emulated/0/DCIM/Camera` ಎಂಬಲ್ಲಿರುತ್ತದೆ. ಕಾರ್ಡಿನದ್ದಾದರೆ `/storage/3A1F-0C72/DCIM` ಎಂಬಂತೆ ನಡುವೆ ಅಡ್ಡಗೆರೆಯಿರುವ ಎಂಟು ಅಕ್ಷರಗಳ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆ ಕಾರ್ಡನ್ನು ಫಾರ್ಮ್ಯಾಟ್ ಮಾಡಿದಾಗ ಹುಟ್ಟಿದ ಗುರುತು. ಅಳಿಸದೆ ಉಳಿದಿರುವ ಒಂದೆರಡು ಫೋಟೋಗಳ ವಿವರವನ್ನು ಗ್ಯಾಲರಿಯಲ್ಲಿ ತೆರೆದು ನೋಡಿದರೆ ಕ್ಯಾಮೆರಾ ಎಲ್ಲಿಗೆ ಬರೆಯುತ್ತಿತ್ತು ಎಂಬುದು ಗೊತ್ತಾಗುತ್ತದೆ. ಈ ಉತ್ತರ ಸಿಗುವವರೆಗೆ ಯಾವ ಭರವಸೆಯನ್ನೂ ಕೊಡಬಾರದು, ಯಾವ ಆ್ಯಪನ್ನೂ ಹಾಕಬಾರದು.

ಕಾರ್ಡಿನಲ್ಲೂ ಎರಡು ಬಗೆ ಇದೆ. ಆ್ಯಂಡ್ರಾಯ್ಡ್ 6ರಿಂದ ಕಾರ್ಡನ್ನು ಫೋನಿನ ಒಳ ಮೆಮೊರಿಯ ಭಾಗವಾಗಿಯೇ ಸೇರಿಸಿಕೊಳ್ಳುವ ಅನುಕೂಲ ಬಂದಿತು. ಹಾಗೆ ಸೇರಿಸಿದ ಕಾರ್ಡು ಪೂರ್ತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮುಚ್ಚಿರುತ್ತದೆ, ಮತ್ತು ಅದರ ಕೀಲಿ ಫೋನಿನೊಳಗೇ ಇರುತ್ತದೆ. ಅದನ್ನು ತೆಗೆದು ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ" ಎಂದು ಕೇಳುತ್ತದೆ. ಅಲ್ಲಿ ಬೇಡವೆಂದು ಹೇಳಿ ಕಾರ್ಡನ್ನು ಅದೇ ಫೋನಿಗೆ ಮರಳಿಸಬೇಕು. ಅಕ್ಕೋರ ಕಾರ್ಡು ಹಾಗಿರಲಿಲ್ಲ. ಅದು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಸಾದಾ ಕಾರ್ಡು.

ಕಾರ್ಡಿನಿಂದ ಬಂದದ್ದು ಹೇಗೆ

ಕಾರ್ಡಿನ ಕೆಲಸವನ್ನು ಮೊದಲು ಮುಗಿಸಿದೆ, ಏಕೆಂದರೆ ಫೋನಿನಲ್ಲಿದ್ದಷ್ಟು ಹೊತ್ತೂ ಅದರ ಮೇಲೆ ಹೊಸದೇನಾದರೂ ಬರೆಯುವ ಸಂಭವ ಇದ್ದೇ ಇರುತ್ತದೆ. ಕಾರ್ಡನ್ನು ಅಡಾಪ್ಟರಿಗೆ ಹಾಕಿ, ಅಡಾಪ್ಟರಿನ ಬದಿಯ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ, ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕಾರ್ಡಿನ ಪೂರ್ತಿ ಪ್ರತಿಯೊಂದನ್ನು ತೆಗೆದೆ. ಮುಂದಿನ ಹುಡುಕಾಟವೆಲ್ಲ ಆ ಪ್ರತಿಯ ಮೇಲೆಯೇ.

```
sudo ddrescue /dev/sdb card.img card.map
photorec card.img
```

ಎಕ್ಸ್‌ಫ್ಯಾಟಿನಲ್ಲಿ ಫೈಲನ್ನು ಅಳಿಸುವುದೆಂದರೆ ಫೋಲ್ಡರಿನ ಪಟ್ಟಿಯಲ್ಲಿ ಆ ಫೈಲಿನ ನಮೂದಿಗೆ "ಬಳಕೆಯಲ್ಲಿದೆ" ಎಂದಿದ್ದ ಗುರುತನ್ನು ತೆಗೆಯುವುದು ಮತ್ತು ಅದು ಕೂತಿದ್ದ ಜಾಗವನ್ನು ಖಾಲಿ ಎಂದು ಬರೆದುಕೊಳ್ಳುವುದು, ಅಷ್ಟೇ. ಫೋಟೋದ ಬೈಟುಗಳು ಇದ್ದಲ್ಲೇ ಇರುತ್ತವೆ. ಫೋಟೋರೆಕ್ ಎಂಬ ರಿಕವರಿ ಸಾಫ್ಟ್‌ವೇರು ಆ ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಂದೊಂದೇ ಬ್ಲಾಕನ್ನು ಓದುತ್ತ, ಜೆಪೆಗ್ ಚಿತ್ರ ಆರಂಭವಾಗುವ `FF D8 FF` ಎಂಬ ಮೂರು ಬೈಟುಗಳನ್ನು ಹುಡುಕುತ್ತದೆ, ಸಿಕ್ಕಲ್ಲಿಂದ ಮುಂದಕ್ಕೆ ಫೈಲನ್ನು ಕತ್ತರಿಸಿ ತೆಗೆಯುತ್ತದೆ. 412ರಲ್ಲಿ 397 ಫೋಟೋ ಸರಿಯಾಗಿ ತೆರೆದವು. ಹೆಸರುಗಳೆಲ್ಲ ಹೋಗಿ `f0214528.jpg` ಎಂಬಂಥವು ಬಂದಿದ್ದವು, ಆದರೆ ಫೋಟೋದ ಒಳಗೇ ಬರೆದಿರುವ ದಿನಾಂಕ, ಸಮಯ ಹಾಗೇ ಇದ್ದುದರಿಂದ ದಿನವಾರು ಜೋಡಿಸಲು ಕಷ್ಟವಾಗಲಿಲ್ಲ. ಉಳಿದ 15ರಲ್ಲಿ ಕೆಲವು ಪೂರ್ತಿ ಹೋಗಿದ್ದವು, ಕೆಲವದರಲ್ಲಿ ತೇರಿನ ಮೇಲರ್ಧ ಮಾತ್ರ ಉಳಿದು ಕೆಳಗರ್ಧ ಬೂದು ಪಟ್ಟಿಯಾಗಿತ್ತು. ಅಳಿಸಿದ ಮೇಲೆ ಕಾರ್ಡಿಗೆ ಇಳಿಸಿಕೊಂಡ ಹಾಡುಗಳು ಆ ಜಾಗವನ್ನು ಹಿಡಿದಿದ್ದವು.

ಇಲ್ಲಿ ಗಮನಿಸಬೇಕಾದದ್ದು ಎರಡು ಅಂಶ. ಕಾರ್ಡಿನ ಮೇಲಿದ್ದ ಬೈಟುಗಳು ಸಾದಾ ಬೈಟುಗಳಾಗಿದ್ದವು, ಆದ್ದರಿಂದ ಮೂರು ಬೈಟಿನ ಗುರುತು ಸಿಕ್ಕಿತು. ಮತ್ತು "ಈ ಜಾಗ ಇನ್ನು ಬೇಡ" ಎಂದು ಕಾರ್ಡಿಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ಅದು ಹಳೆಯದನ್ನು ಹಿಡಿದುಕೊಂಡೇ ಇತ್ತು. ಫೋನಿನ ಒಳ ಮೆಮೊರಿಯಲ್ಲಿ ಈ ಎರಡೂ ತಲೆಕೆಳಗಾಗುತ್ತವೆ.

ಒಳ ಮೆಮೊರಿಯ ಸ್ಥಿತಿಯನ್ನು ತಿಳಿಯುವುದು

ಫೋನಿನಲ್ಲಿ ಡೆವಲಪರ್ ಆಯ್ಕೆಯಿಂದ ಯುಎಸ್‌ಬಿ ಡೀಬಗ್ಗಿಂಗ್ ತೆರೆದು, ಕಂಪ್ಯೂಟರಿಗೆ ಕೇಬಲ್ ಹಚ್ಚಿ, ಫೋನಿನೊಡನೆ ಮಾತಾಡುವ `adb` ಎಂಬ ಸಾಧನದಿಂದ ಮೂರು ಸಾಲು ಕೇಳಿದರೆ ಸಾಕು. ಇದಕ್ಕೆ ರೂಟ್, ಅಂದರೆ ಫೋನಿನ ಮೇಲೆ ಪೂರ್ಣ ಅಧಿಕಾರ ಪಡೆಯುವುದು, ಬೇಡ; ಈ ಸಾಲುಗಳು ಫೋನಿನ ಮೇಲೆ ಏನನ್ನೂ ಬರೆಯುವುದೂ ಇಲ್ಲ.

```
adb shell getprop ro.crypto.state
adb shell getprop ro.crypto.type
adb shell "mount | grep ' /data '"
```

ಅಕ್ಕೋರ ಫೋನು ಮೊದಲ ಸಾಲಿಗೆ `encrypted` ಎಂದೂ, ಎರಡನೆಯದಕ್ಕೆ `file` ಎಂದೂ ಉತ್ತರಿಸಿತು. ಮೂರನೆಯ ಸಾಲಿನ ಉದ್ದನೆಯ ಉತ್ತರದಲ್ಲಿ ಕಡತ ವ್ಯವಸ್ಥೆಯ ಹೆಸರಾದ `f2fs` ಮತ್ತು `discard` ಎಂಬ ಎರಡು ಪದಗಳು ಕಂಡವು. ನಾನು ಹುಡುಕುತ್ತಿದ್ದದ್ದು ಇವನ್ನೇ. ಒಂದೊಂದಾಗಿ ಹೇಳುತ್ತೇನೆ.

`file` ಎಂದರೆ ಮೆಮೊರಿ ಪೂರ್ತಿಗೆ ಒಂದೇ ಬೀಗ ಹಾಕದೆ ಫೈಲಿನ ಮಟ್ಟದಲ್ಲಿ ಎನ್‌ಕ್ರಿಪ್ಟ್ ಮಾಡಲಾಗಿದೆ ಎಂದರ್ಥ. ಈ ವಿಧಾನ ಆ್ಯಂಡ್ರಾಯ್ಡ್ 7ರಲ್ಲಿ ಬಂದಿತು. ಆ್ಯಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿಯೊಂದಿಗೇ ಮಾರುಕಟ್ಟೆಗೆ ಬಂದ ಫೋನುಗಳಿಗೆ ಕಡ್ಡಾಯವಾಯಿತು. ಬಳಕೆದಾರರ ಪಾಸ್‌ವರ್ಡ್ ಮತ್ತು ಫೋನಿನ ಪ್ರೊಸೆಸರಿನೊಳಗಿನ ಸುರಕ್ಷಿತ ಭಾಗ ಎರಡೂ ಸೇರಿ ಬಿಡಿಸುವ ಒಂದು ಮೂಲ ಕೀಲಿ ಇರುತ್ತದೆ. ಪ್ರತಿ ಫೈಲು ಹುಟ್ಟುವಾಗ ಅದಕ್ಕೆಂದೇ 16 ಬೈಟಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಆರಿಸಿ, ಆ ಫೈಲಿನ ಐನೋಡ್ ಎಂಬ ದಾಖಲೆಯ ಜೊತೆ ಬರೆದಿಡಲಾಗುತ್ತದೆ. ಸಾಮಾನ್ಯ ಕ್ರಮದಲ್ಲಿ ಮೂಲ ಕೀಲಿ ಮತ್ತು ಈ ಸಂಖ್ಯೆ ಸೇರಿದರೆ ಮಾತ್ರ ಆ ಫೈಲಿನ ಕೀಲಿ ತಯಾರಾಗುತ್ತದೆ. ಎನ್‌ಕ್ರಿಪ್ಶನನ್ನು ಪ್ರೊಸೆಸರಿನ ವಿಶೇಷ ಭಾಗವೇ ಮಾಡುವ ಕೆಲವು ಫೋನುಗಳಲ್ಲಿ ಈ ಸಂಖ್ಯೆಯ ಬದಲು ಐನೋಡಿನ ಕ್ರಮಸಂಖ್ಯೆ ಲೆಕ್ಕದೊಳಗೆ ಬರುತ್ತದೆ, ಆದರೆ ಪರಿಣಾಮ ಒಂದೇ: ಬೈಟುಗಳು ಯಾವ ಫೈಲಿನವು, ಅದರ ಎಷ್ಟನೆಯ ತುಂಡಿನವು ಎಂಬುದನ್ನು ಹೇಳುವ ದಾಖಲೆ ಇಲ್ಲದಿದ್ದರೆ ಆ ಬೈಟುಗಳನ್ನು ಬಿಡಿಸಲಾಗದು. ಫೈಲು ಅಳಿಸಿದಾಗ ಮೊದಲು ಹೋಗುವುದು ಆ ದಾಖಲೆಯೇ.

ಈಗ ಫೋಟೋರೆಕ್ ಹುಡುಕುವ ಮೂರು ಬೈಟುಗಳನ್ನು ನೆನಪಿಸಿಕೊಳ್ಳೋಣ. ಎನ್‌ಕ್ರಿಪ್ಟ್ ಆದ ಬ್ಲಾಕು ಹೊರಗಿನಿಂದ ನೋಡುವವರಿಗೆ ಅಡ್ಡಾದಿಡ್ಡಿ ಬೈಟುಗಳ ರಾಶಿ. ಜೆಪೆಗ್ ಎಲ್ಲಿ, ಹಾಡು ಎಲ್ಲಿ, ಖಾಲಿ ಎಲ್ಲಿ ಎಂಬ ಭೇದವೇ ಕಾಣುವುದಿಲ್ಲ. 128 ಜಿಬಿಯನ್ನು 4096 ಬೈಟಿನ ಬ್ಲಾಕುಗಳಾಗಿ ಎಣಿಸಿದರೆ ಸುಮಾರು 3.1 ಕೋಟಿ ಬ್ಲಾಕು ಆಗುತ್ತವೆ. ಅಡ್ಡಾದಿಡ್ಡಿ ಬೈಟುಗಳಲ್ಲಿ ಒಂದು ಬ್ಲಾಕು ಆಕಸ್ಮಿಕವಾಗಿ `FF D8 FF` ಎಂದೇ ಆರಂಭವಾಗುವ ಸಾಧ್ಯತೆ 1,67,77,216ರಲ್ಲಿ ಒಂದು. ಅಂದರೆ ಮೆಮೊರಿ ತುಂಬ ಅಂಥ ಬೈಟುಗಳೇ ಇದ್ದರೆ, ಇಡೀ ಫೋನನ್ನು ಬಾಚಿದರೂ ಇಂಥ ಗುರುತು ಎರಡು ಕಡೆ ಸಿಕ್ಕೀತು, ಆ ಎರಡೂ ಫೋಟೋ ಆಗಿರುವುದಿಲ್ಲ. ಸಾಫ್ಟ್‌ವೇರಿನ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚು ದುಡ್ಡು ಕೊಟ್ಟು ತಂದ ಸಾಫ್ಟ್‌ವೇರಿಗೂ ಕಾಣುವುದು ಇದೇ ರಾಶಿ.

ಆದರೆ ಫೋನು ಅನ್‌ಲಾಕ್ ಆಗಿದೆಯಲ್ಲ?

ಸೂಕ್ಷ್ಮವಾಗಿ ಯೋಚಿಸುವವರು ಕೇಳುವ ಪ್ರಶ್ನೆ ಇದು, ಅಕ್ಕೋರೂ ಕೇಳಿದರು. ಪಾಸ್‌ವರ್ಡ್ ಅವರ ಕೈಯಲ್ಲಿದೆ, ಫೋನು ತೆರೆದಿದೆ, ಉಳಿದ ಫೋಟೋಗಳು ಕಾಣುತ್ತಿವೆ. ಕೀಲಿ ಇದ್ದ ಮೇಲೆ ಅಳಿಸಿದ್ದನ್ನೂ ಓದಲು ಏನು ಅಡ್ಡಿ?

ಅನ್‌ಲಾಕ್ ಮಾಡಿದಾಗ ಮೂಲ ಕೀಲಿ ಜೀವಂತವಾಗುತ್ತದೆ, ನಿಜ. ಆದರೆ ಅದನ್ನು ಬಳಸುವುದು ಆ್ಯಂಡ್ರಾಯ್ಡಿನ ತಿರುಳಾದ ಕರ್ನಲ್. ಅದು ಬಳಸುವುದೂ ದಾಖಲೆಯಿರುವ ಫೈಲನ್ನು ತೆರೆಯಲು ಮಾತ್ರ. ಅಂಗಡಿಯ ಬೀಗ ತೆಗೆದಿದೆ, ಆದರೆ ಯಾವ ಕಪಾಟಿನ ಯಾವ ಖಾನೆ ಎಂದು ಬರೆದಿದ್ದ ಚೀಟಿ, ಆ ಖಾನೆಯ ಚಿಕ್ಕ ಕೀಲಿಯ ಸಮೇತ ಹೋಗಿದೆ ಎಂದಂತೆ. ಇನ್ನು, ರೂಟ್ ಇಲ್ಲದ ಫೋನಿನಲ್ಲಿ ಯಾವ ಆ್ಯಪಿಗೂ ಮೆಮೊರಿಯ ಬ್ಲಾಕುಗಳನ್ನು ನೇರವಾಗಿ ಓದುವ ಅನುಮತಿಯೇ ಇಲ್ಲ. "ಆಳವಾದ ಹುಡುಕಾಟ" ಎಂದು ಗುಂಡಿ ಇಟ್ಟಿರುವ ಆ್ಯಪು ಒಳಗೆ ಮಾಡುವುದು ಈಗ ಇರುವ ಫೋಲ್ಡರುಗಳನ್ನು, ಮರೆಮಾಡಿದ ಫೋಲ್ಡರುಗಳನ್ನೂ ಸೇರಿಸಿ, ಸುತ್ತಿ ಬರುವುದನ್ನು ಮಾತ್ರ.

ಅಕ್ಕೋರು ಬರುವ ಮೊದಲೇ ಇಂಥ ಒಂದು ಆ್ಯಪು ಹಾಕಿದ್ದರು, ಅದು 1,140 ಫೋಟೋ ಸಿಕ್ಕಿವೆಯೆಂದೂ ಉಳಿಸಿಕೊಳ್ಳಲು ಹಣ ಕಟ್ಟಬೇಕೆಂದೂ ತೋರಿಸುತ್ತಿತ್ತು. ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿದೆವು. ಹೆಚ್ಚಿನವು 10ರಿಂದ 40 ಕೆಬಿಯವು: ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಶುಭೋದಯದ ಚಿತ್ರಗಳು, `.thumbnails` ಫೋಲ್ಡರಿನ ಅಂಗೈಯಗಲದ ಪ್ರತಿಗಳು, ಯಾವುದೋ ಆಟದ ಗುಂಡಿಗಳು. ಕ್ಯಾಮೆರಾದ ಮೂಲ ಫೋಟೋ 3ರಿಂದ 6 ಎಂಬಿ ಇರುತ್ತದೆ. ಆ ಅಳತೆಯವು ಪಟ್ಟಿಯಲ್ಲಿ ಹದಿನಾಲ್ಕು ಇದ್ದವು, ಹದಿನಾಲ್ಕೂ ಅಳಿಸದೇ ಇದ್ದ ಫೋಟೋಗಳೇ. ಆ್ಯಪು ತೋರಿಸುವುದು ನಿಜವಾಗಿ ಅಳಿಸಿದ್ದೋ ಇದ್ದದ್ದೋ ಎಂದು ತಿಳಿಯಲು ಈ ಗಾತ್ರದ ಪರೀಕ್ಷೆ ಸಾಕು; ಹಣ ಕಟ್ಟುವ ಮೊದಲು ಮಾಡಬೇಕು.

ರೂಟ್ ಮಾಡಿದರೆ ಆದೀತಲ್ಲ ಎಂಬ ಸಲಹೆ ಇದಕ್ಕಿಂತ ಅಪಾಯದ್ದು. ಹೆಚ್ಚಿನ ಫೋನುಗಳಲ್ಲಿ ರೂಟಿಗೆ ಮೊದಲು ಫೋನನ್ನು ಆರಂಭಿಸುವ ಬೂಟ್‌ಲೋಡರಿನ ಬೀಗ ತೆರೆಯಬೇಕು, ತೆರೆಯುವ ಕ್ಷಣದಲ್ಲಿ ಫೋನು ಫ್ಯಾಕ್ಟರಿ ರೀಸೆಟ್ ಆಗುತ್ತದೆ, ರೀಸೆಟ್ ಎಂದರೆ ಮೂಲ ಕೀಲಿಯೇ ನಾಶ. ಹುಡುಕಲು ಹೊರಟ 186ರ ಜೊತೆಗೆ ಅಳಿಸದೇ ಇದ್ದವೂ ಹೋಗುತ್ತವೆ. ಫೋನು ಮೊದಲೇ ರೂಟ್ ಆಗಿದ್ದರೂ ಬ್ಲಾಕಿನ ಮಟ್ಟದಲ್ಲಿ ಓದಿದಾಗ ಸಿಗುವುದು ಫೈಲಿನ ಕೀಲಿಯಿಂದ ಮುಚ್ಚಿದ ಬೈಟುಗಳು ಅಥವಾ, ಮುಂದೆ ಹೇಳುವ ಕಾರಣದಿಂದ, ಬರೀ ಸೊನ್ನೆಗಳು.

ಚಿಪ್ ಕಿತ್ತು ಓದುವ ದಾರಿಯ ಬಗ್ಗೆಯೂ ಒಂದು ಮಾತು. ಎನ್‌ಕ್ರಿಪ್ಶನ್ ಇಲ್ಲದ ಹಳೆಯ ಫೋನುಗಳಲ್ಲಿ ಮೆಮೊರಿ ಚಿಪ್ಪನ್ನು ಬಿಸಿಮಾಡಿ ಎತ್ತಿ, ಬೇರೆ ಯಂತ್ರದಲ್ಲಿಟ್ಟು ಓದುತ್ತಿದ್ದರು. ಈಗ ಹಾಗೆ ಮಾಡಿದರೆ ಕೀಲಿ ಬಿಡಿಸುವ ಪ್ರೊಸೆಸರು ಹಳೆಯ ಬೋರ್ಡಿನ ಮೇಲೆ ಉಳಿಯುತ್ತದೆ, ಕೈಗೆ ಬರುವುದು ಮುಚ್ಚಿದ ಬೈಟು. ಹಾಗಾಗಿ ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿಯಿಂದ ಸಮುದ್ರಕ್ಕೆ ಬಿದ್ದು ಸತ್ತ ಫೋನಿನಲ್ಲಿ ನಾವು ಬೋರ್ಡನ್ನು ತೊಳೆದು, ಶಾರ್ಟ್ ಆದ ಭಾಗ ಬದಲಿಸಿ, ಪ್ರೊಸೆಸರು ಮತ್ತು ಮೆಮೊರಿ ಎರಡನ್ನೂ ಅದೇ ಬೋರ್ಡಿನ ಮೇಲೆ ಒಮ್ಮೆ ಎಬ್ಬಿಸಲು ನೋಡುತ್ತೇವೆ. ಎದ್ದರೆ ಪಾಸ್‌ವರ್ಡ್ ಹೊಡೆದು ಎಲ್ಲವನ್ನೂ ನಕಲು ಮಾಡಿಕೊಳ್ಳಬಹುದು. ಉಪ್ಪುನೀರು ಕುಡಿದ ಫೋನಿನ ಫೋಟೋ ಬಂದೀತು, ಚೆನ್ನಾಗಿರುವ ಫೋನಿನಲ್ಲಿ ಅಳಿಸಿದ ಫೋಟೋ ಬಾರದು ಎಂದರೆ ಜನ ನಂಬುವುದಿಲ್ಲ, ಆದರೆ ಸಂಗತಿ ಹಾಗೇ ಇದೆ.

`discard` ಎಂಬ ಎರಡನೆಯ ಪದ

ಎನ್‌ಕ್ರಿಪ್ಶನ್ ಒಂದೇ ಕಾರಣವಲ್ಲ ಎಂಬುದಕ್ಕೆ ಒಂದು ಸರಳ ಸಾಕ್ಷಿ ಇದೆ. ವಿಂಡೋಸಿನ ಎನ್‌ಕ್ರಿಪ್ಶನ್ ಆದ ಬಿಟ್‌ಲಾಕರ್ ಹಾಕಿದ ಪೆನ್‌ಡ್ರೈವಿನಿಂದ ಫೈಲು ಅಳಿಸಿ, ಪಾಸ್‌ವರ್ಡ್ ಕೊಟ್ಟು ತೆರೆದಿಟ್ಟುಕೊಂಡು ರಿಕವರಿ ಸಾಫ್ಟ್‌ವೇರ್ ಓಡಿಸಿದರೆ ಫೈಲು ಎಷ್ಟೋ ಸಲ ಬರುತ್ತದೆ. ಅಲ್ಲಿ ಇಡೀ ಡ್ರೈವಿಗೆ ಒಂದೇ ಕೀಲಿ, ತೆರೆದ ಮೇಲೆ ಎಲ್ಲ ಬ್ಲಾಕೂ ಸಾದಾ ಬೈಟಾಗಿ ಕಾಣುತ್ತವೆ, ಅಳಿಸಿದ ಜಾಗ ಇನ್ನು ಬೇಡವೆಂದು ತಿಳಿಸುವ ಟ್ರಿಮ್ ಎಂಬ ಸೂಚನೆ ಹೆಚ್ಚಿನ ಪೆನ್‌ಡ್ರೈವುಗಳಿಗೆ ತಲುಪುವುದೂ ಇಲ್ಲ. ಆದ್ದರಿಂದ "ಎನ್‌ಕ್ರಿಪ್ಟ್ ಆಗಿದೆ, ಬಾರದು" ಎಂದು ಕಣ್ಣುಮುಚ್ಚಿ ಹೇಳುವುದು ತಪ್ಪು ರೋಗನಿರ್ಣಯ. ಟ್ರಿಮ್ ಇದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿ ನೋಡಬೇಕು.

ಫ್ಲ್ಯಾಶ್ ಮೆಮೊರಿಯಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲಾಗುವುದಿಲ್ಲ. ಬರೆಯುವುದು ಕೆಲವು ಕೆಬಿ ಅಳತೆಯ ಪುಟಗಳಲ್ಲಿ, ಒರೆಸುವುದು ಮಾತ್ರ ನೂರಾರು ಪುಟಗಳಿರುವ ದೊಡ್ಡ ತುಂಡುಗಳಲ್ಲಿ. ಅದೂ ಒಂದು ತುಂಡನ್ನು ಇಂತಿಷ್ಟೇ ಸಲ ಒರೆಸಬಹುದು. ಆದ್ದರಿಂದ ಚಿಪ್ಪಿನೊಳಗಿನ ನಿಯಂತ್ರಕ ಹೊಸದನ್ನೆಲ್ಲ ಬೇರೆ ಜಾಗದಲ್ಲಿ ಬರೆಯುತ್ತ, ಯಾವ ವಿಳಾಸದ ಮಾಲು ಈಗ ಎಲ್ಲಿದೆ ಎಂಬ ಖಾತೆಯನ್ನು ಇಟ್ಟುಕೊಳ್ಳುತ್ತದೆ. ನಮ್ಮ ಕಡೆಯ ಅಡಿಕೆ ಸೊಸೈಟಿಯ ಗೋದಾಮನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ: ರೈತನಿಗೆ ತನ್ನ ಚೀಲದ ನಂಬರು ಗೊತ್ತು, ಚೀಲ ಯಾವ ಅಂಕಣದಲ್ಲಿದೆ ಎಂಬುದು ಗುಮಾಸ್ತರ ಖಾತೆಗೆ ಮಾತ್ರ ಗೊತ್ತು, ಅದು ಇವತ್ತು ಇದ್ದಲ್ಲಿ ನಾಳೆ ಇರಬೇಕೆಂದೂ ಇಲ್ಲ.

ಫೈಲು ಅಳಿಸಿದ ಸುದ್ದಿ ನಿಯಂತ್ರಕಕ್ಕೆ ಗೊತ್ತಾಗದಿದ್ದರೆ ಅದು ಸತ್ತ ಬೈಟುಗಳನ್ನೂ ಜೋಪಾನವಾಗಿ ಹೊತ್ತು ತಿರುಗುತ್ತದೆ. ವೇಗ ತಗ್ಗುತ್ತದೆ, ಚಿಪ್ಪು ಸವೆಯುತ್ತದೆ. ಅದನ್ನು ತಪ್ಪಿಸಲೆಂದೇ "ಈ ವಿಳಾಸಗಳು ಇನ್ನು ಬೇಡ" ಎಂದು ಹೇಳುವ ಸೂಚನೆ ಬಂದಿತು. ಎಸ್‌ಎಸ್‌ಡಿಗಳಲ್ಲಿ ಅದರ ಹೆಸರು ಟ್ರಿಮ್, ಫೋನಿನ ಕಡತ ವ್ಯವಸ್ಥೆ ಅದನ್ನು `discard` ಎನ್ನುತ್ತದೆ. ಸೂಚನೆ ತಲುಪಿದ ಮೇಲೆ ನಿಯಂತ್ರಕ ತನ್ನ ಖಾತೆಯಿಂದ ಆ ಸಾಲನ್ನು ಹೊಡೆದುಹಾಕುತ್ತದೆ. ಭೌತಿಕವಾಗಿ ಬೈಟುಗಳು ಇನ್ನೂ ಸ್ವಲ್ಪ ಹೊತ್ತು ಯಾವುದೋ ಮೂಲೆಯಲ್ಲಿ ಇರಬಹುದು, ಆದರೆ ಆ ವಿಳಾಸವನ್ನು ಓದಿದರೆ ಸಾಮಾನ್ಯವಾಗಿ ಸೊನ್ನೆಗಳೇ ಬರುತ್ತವೆ. ಹೊರಗಿನ ಯಾವ ಸಾಫ್ಟ್‌ವೇರಿಗೂ ಆ ಮೂಲೆಗೆ ಹೋಗುವ ದಾರಿ ಇರುವುದಿಲ್ಲ, ಮತ್ತು ಬಿಡುವಾದಾಗ ನಿಯಂತ್ರಕ ಆ ತುಂಡನ್ನು ತಾನಾಗಿ ಒರೆಸಿಬಿಡುತ್ತದೆ.

ಆ್ಯಂಡ್ರಾಯ್ಡ್ 4.3ರಿಂದ ಫೋನು ಬಿಡುವಿನಲ್ಲಿದ್ದಾಗ, ಸಾಮಾನ್ಯವಾಗಿ ರಾತ್ರಿ ಚಾರ್ಜಿಗೆ ಹಾಕಿ ಮಲಗಿದ ಹೊತ್ತಿನಲ್ಲಿ, ಖಾಲಿ ಜಾಗಕ್ಕೆಲ್ಲ ಈ ಸೂಚನೆಯನ್ನು ಒಟ್ಟಾಗಿ ಕಳುಹಿಸುವ ವ್ಯವಸ್ಥೆ ಇದೆ. `discard` ಆಯ್ಕೆಯೊಂದಿಗೆ ಓಡುವ `f2fs` ಅದಕ್ಕೂ ಕಾಯದೆ, ಅಳಿಸಿದ ಸ್ವಲ್ಪ ಹೊತ್ತಿನಲ್ಲೇ ಹಿನ್ನೆಲೆಯಲ್ಲಿ ಕಳುಹಿಸಲು ಆರಂಭಿಸುತ್ತದೆ. ಅಕ್ಕೋರ ಫೋನು ಭಾನುವಾರದಿಂದ ಬುಧವಾರದವರೆಗೆ ಮೂರು ರಾತ್ರಿ ಚಾರ್ಜಿನ ಮೇಲೆ ಮಲಗಿತ್ತು.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದೆಂದು ಅಂಗಡಿಯ ಲಿನಕ್ಸ್ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯ ಮೇಲೆ ಅವರ ಎದುರೇ ಮಾಡಿ ತೋರಿಸಿದೆ. ಈ ಎಸ್‌ಎಸ್‌ಡಿಯಲ್ಲಿ ಎನ್‌ಕ್ರಿಪ್ಶನ್ ಇಲ್ಲ. ಕೆಲಸ ಮಾಡುವುದು ಟ್ರಿಮ್ ಒಂದೇ. ಪರಿಚಿತ ಅಕ್ಷರಗಳು ತುಂಬಿದ ಒಂದು ಫೈಲು ಮಾಡಿ, ಅದು ಯಾವ ಬ್ಲಾಕಿನಲ್ಲಿ ಕೂತಿದೆ ಎಂದು `filefrag` ಕೇಳಿ, ಆ ಬ್ಲಾಕನ್ನು ನೇರವಾಗಿ ಓದಿದಾಗ ಅಕ್ಷರಗಳು ಕಂಡವು. ಆಮೇಲೆ ಅಳಿಸಿ, ಟ್ರಿಮ್ ಮಾಡಿ, ಅದೇ ಬ್ಲಾಕನ್ನು ಮತ್ತೆ ಓದಿದೆ.

```
sudo filefrag -v test.bin
rm test.bin; sync
sudo fstrim -v /
sudo dd if=/dev/nvme0n1p2 bs=4096 skip=8923136 count=1 iflag=direct | xxd | head -3
```

ಪರದೆಯ ಮೇಲೆ ಸಾಲುಸಾಲು `0000 0000` ಬಂತು. ಮಾಡಿ ನೋಡುವವರು `skip` ಸಂಖ್ಯೆಯನ್ನು ತಮ್ಮ `filefrag` ಕೊಟ್ಟದ್ದಕ್ಕೂ, ಡ್ರೈವಿನ ಹೆಸರನ್ನು ತಮ್ಮ ಯಂತ್ರದ್ದಕ್ಕೂ ಬದಲಿಸಬೇಕು; `dd` ಸಾಲಿನಲ್ಲಿ `of=` ಎಂದು ಡ್ರೈವಿನ ಹೆಸರು ಎಂದಿಗೂ ಬರೆಯಬಾರದು. ಎಲ್ಲ ಎಸ್‌ಎಸ್‌ಡಿಗಳೂ ಸೊನ್ನೆಯನ್ನೇ ಕೊಡುತ್ತವೆಂಬ ಖಾತರಿ ಇಲ್ಲ, ಆದರೆ ಹಳೆಯ ಅಕ್ಷರಗಳು ಸಿಗುತ್ತವೆಂದು ನೆಚ್ಚಿಕೊಳ್ಳುವಂತೆಯೂ ಇಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಬಂದರೆ ನಿರ್ವಾಹಕ ಅನುಮತಿಯಲ್ಲಿ ಈ ಎರಡು ಸಾಲು ಕೇಳುತ್ತೇನೆ:

```
fsutil behavior query DisableDeleteNotify
manage-bde -status
```

ಮೊದಲನೆಯದರಲ್ಲಿ NTFS ಎದುರು 0 ಇದ್ದರೆ ವಿಂಡೋಸ್ ಟ್ರಿಮ್ ಕಳುಹಿಸುತ್ತಿದೆ ಎಂದರ್ಥ. ಹೆಸರಿನಲ್ಲೇ "ನಿಷ್ಕ್ರಿಯ" ಎಂದಿರುವುದರಿಂದ 0 ಎಂಬುದನ್ನು ಉಲ್ಟಾ ಓದುವವರು ಬಹಳ. ಎರಡನೆಯದು ಬಿಟ್‌ಲಾಕರ್ ಸ್ಥಿತಿಯನ್ನು ಹೇಳುತ್ತದೆ. ಟ್ರಿಮ್ ಓಡಿದ್ದರೆ ಬಿಟ್‌ಲಾಕರ್ ತೆರೆದಿದ್ದರೂ ಪ್ರಯೋಜನ ಕಡಿಮೆ.

ಹಾಗಾದರೆ ಒಳ ಮೆಮೊರಿಯಲ್ಲಿ ಹುಡುಕುವುದು ಏನನ್ನು

ಅಳಿಸಿದ ಫೈಲನ್ನಲ್ಲ; ಅಳಿಸಲಾಗಿದೆ ಎಂದು ತಿಳಿದಿರುವ ಆದರೆ ನಿಜವಾಗಿ ಅಳಿಸಿರದ ಫೈಲನ್ನು, ಮತ್ತು ಬೇರೆ ಕಡೆ ಇರುವ ಪ್ರತಿಗಳನ್ನು. ಆ್ಯಂಡ್ರಾಯ್ಡ್ 11ರಿಂದ ಕಸದ ಬುಟ್ಟಿಗೆ ಹೋದ ಫೈಲು ಹೆಸರು ಬದಲಿಸಿಕೊಂಡು ಅದೇ ಫೋಲ್ಡರಿನಲ್ಲಿ ಮರೆಯಾಗಿ ಕೂರುತ್ತದೆ, ಸಾಮಾನ್ಯವಾಗಿ 30 ದಿನ. ಫೋನ್ ಕಂಪನಿಯ ಗ್ಯಾಲರಿಗೆ ಬೇರೆ ಬುಟ್ಟಿ, ಫೈಲ್ ಮ್ಯಾನೇಜರಿಗೆ ಬೇರೆ ಬುಟ್ಟಿ ಇರುವುದುಂಟು. ಒಂದನ್ನು ಬರಿದು ಮಾಡಿದರೆ ಇನ್ನೊಂದು ಹಾಗೇ ಉಳಿದಿರುತ್ತದೆ.

```
adb shell "find /sdcard/ -name '.trashed-*'"
```

ಅಕ್ಕೋರ ಫೋನಿನಲ್ಲಿ ನಾಲ್ಕು ಹೆಸರು ಬಂದವು. ಒಂದು `.trashed-1714465800-IMG_20240322_183015.jpg`. ನಡುವಿನ ಸಂಖ್ಯೆ ಫೋನು ಅದನ್ನು ನಿಜವಾಗಿ ಅಳಿಸಬೇಕಾದ ಗಡುವು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಬಿಡಿಸಿದರೆ 2024ರ ಏಪ್ರಿಲ್ 30ರ ಮಧ್ಯಾಹ್ನ 2 ಗಂಟೆ ಎಂದಾಗುತ್ತದೆ, ಅಂದರೆ ಮಾರ್ಚ್ 31ರ ಮಧ್ಯಾಹ್ನ ಅಳಿಸಿದ್ದು. ಅವರು ಆ ನಾಲ್ಕನ್ನು ಗ್ಯಾಲರಿಯಿಂದಲ್ಲ, ಫೈಲ್ ಮ್ಯಾನೇಜರಿನಿಂದ ಅಳಿಸಿದ್ದರಂತೆ. `adb pull` ಮಾಡಿ, ಹೆಸರಿನ ಮುಂದಿನ ಭಾಗ ತೆಗೆದೊಡನೆ ಮೂಲ ಗಾತ್ರದಲ್ಲಿ ತೆರೆದವು.

ಅನಂತರ `Android/media/com.whatsapp/WhatsApp/Media` ಒಳಗಿನ `WhatsApp Images/Sent` ಫೋಲ್ಡರು. ತಾವು ಯಾರಿಗೋ ಕಳಿಸಿದ ಫೋಟೋದ ಕುಗ್ಗಿಸಿದ ಪ್ರತಿ ಇಲ್ಲಿ ಉಳಿದಿರುತ್ತದೆ, ಗ್ಯಾಲರಿಯಲ್ಲಿ ಕಾಣದಿದ್ದರೂ. ಅಲ್ಲಿ 23 ಸಿಕ್ಕವು. ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್, ತೆಗೆದ ದಿನಾಂಕದ ವಿವರ ಅಳಿದಿತ್ತು. ಗೂಗಲ್ ಫೋಟೋಸಿನ ಬುಟ್ಟಿಯಲ್ಲಿ ಬ್ಯಾಕಪ್ ಆದವು 60 ದಿನ ಇರುತ್ತವೆ, ಆದರೆ ಅಕ್ಕೋರು ಮೊಬೈಲ್ ಡೇಟಾ ಉಳಿಸಲೆಂದು ಬ್ಯಾಕಪ್ಪನ್ನೇ ನಿಲ್ಲಿಸಿದ್ದರು. ಕೊನೆಗೆ ಜಾತ್ರೆಗೆ ಜೊತೆಯಲ್ಲಿ ಬಂದಿದ್ದ ತಂಗಿಗೆ ಫೋನ್ ಮಾಡಿ, ಅವರಿಗೆ ಕಳಿಸಿದ್ದವನ್ನು ಮರಳಿ ತರಿಸಿದಾಗ ಮೇಲಿನ 23ರಲ್ಲಿ ಇಲ್ಲದ 31 ಫೋಟೋ ಮತ್ತು ಒಂದು ವಿಡಿಯೋ ಬಂದವು.

ಜಾಬ್ ಕಾರ್ಡಿನಲ್ಲಿ ಹೀಗೆ ಬರೆದುಕೊಟ್ಟೆ: ಮೆಮೊರಿ ಕಾರ್ಡ್, 412ರಲ್ಲಿ 397, ಮೂಲ ಗಾತ್ರ. ಒಳ ಮೆಮೊರಿ, ಬುಟ್ಟಿಯಿಂದ 4, ಕುಗ್ಗಿದ ಪ್ರತಿ 54, ವಿಡಿಯೋ 1. ರಿಕವರಿ ಸಾಫ್ಟ್‌ವೇರಿನಿಂದ 0. ಫೋಟೋ 128 ಮತ್ತು ವಿಡಿಯೋ 8 ಸಿಗುವುದಿಲ್ಲ, `file` ಎನ್‌ಕ್ರಿಪ್ಶನ್, `discard` ಚಾಲ್ತಿ, ಅಳಿಸಿ ಮೂರು ರಾತ್ರಿ ಕಳೆದಿದೆ. ಬೇರೆ ಅಂಗಡಿಗೆ ಒಯ್ದರೆ ಅವರಿಗೂ ತೋರಿಸಲೆಂದು ಮೂರು `adb` ಸಾಲುಗಳ ಉತ್ತರವನ್ನು ಹಿಂಬದಿಯಲ್ಲಿ ಬರೆದೆ. ಅಕ್ಕೋರು ಅದನ್ನು ಓದಿ, "ಈ 128ರಲ್ಲಿ ತೇರಿಂದು ಎಷ್ಟು ಇದ್ವೋ ಏನೋ" ಎಂದರು, ಕಾರ್ಡಿನ ಕೆಲಸದ ಹಣ ಕೊಟ್ಟು, ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಫೋಟೋ ಕಾರ್ಡಿಗೇ ಹೋಗುವಂತೆ ನನ್ನಿಂದಲೇ ಬದಲಿಸಿಕೊಂಡು, ನಾಲ್ಕೂವರೆಯ ಕುಮಟಾ ಬಸ್ಸಿಗೆ ಹೊರಟರು.